ಹಲಗೆಯ ಮೇಲೆ ಕುಗ್ಗಿದ ಕನ್ನಡ

ಒಂದು ಗ್ರಂಥಾಲಯದ ಬಾಗಿಲ ಬಳಿ ಹಾಕುವ ಪ್ರಕಟಣಾ ಫಲಕಕ್ಕೆ ತಲೆಬರಹ ಮಾಡಿಕೊಡುವ ಕೆಲಸ ನನಗೆ ಬಂದಿತ್ತು. ಮೇಲೆ ಕನ್ನಡದಲ್ಲಿ ‘ಪ್ರಕಟಣೆ’, ಕೆಳಗೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ‘ನೋಟಿಸ್’. ಅಕ್ಷರಗಳು 40 ಮಿಲಿಮೀಟರ್ ಎತ್ತರ ಇರಬೇಕು ಎಂದು ಅವರು ಬರೆದುಕೊಟ್ಟಿದ್ದರು. ಕಂಪ್ಯೂಟರ್ ಕೇಳುವುದು ಪಾಯಿಂಟಿನ ಲೆಕ್ಕ. ಒಂದು ಪಾಯಿಂಟ್ ಎಂದರೆ 0.3528 ಮಿ.ಮೀ. ಎಂದು ಗೊತ್ತಿತ್ತು. 40ನ್ನು ಅದರಿಂದ ಭಾಗಿಸಿದೆ, 113 ಬಂತು. ಎರಡೂ ಸಾಲಿಗೆ 113 ಪಾಯಿಂಟ್ ಕೊಟ್ಟು ಮಾದರಿ ಮುದ್ರಿಸಿ ಕಳಿಸಿದೆ.

ಮಾದರಿ ಹಿಂದಕ್ಕೆ ಬಂತು. “ಕನ್ನಡ ಯಾಕೆ ಇಷ್ಟು ಸಣ್ಣದಾಗಿದೆ?” ಎಂದು ಕೇಳಿದ್ದರು. ಅಡಿಪಟ್ಟಿ ಇಟ್ಟು ಅಳೆದೆ. ಇಂಗ್ಲಿಷಿನ ಅಕ್ಷರ 28.5 ಮಿ.ಮೀ., ಕನ್ನಡದ ‘ಕ’ ತಲೆಕಟ್ಟೂ ಸೇರಿ ಬರೀ 19 ಮಿ.ಮೀ. ನಲವತ್ತು ಎರಡರಲ್ಲೂ ಇರಲಿಲ್ಲ. ಲೆಕ್ಕವನ್ನು ಮೂರು ಸಲ ಮಾಡಿ ನೋಡಿದೆ, ತಪ್ಪೇನೂ ಸಿಗಲಿಲ್ಲ. ಪ್ರಿಂಟರ್ ಕುಗ್ಗಿಸಿರಬಹುದೆಂದು ಹಾಳೆಯ ಮೇಲೆ 100 ಮಿ.ಮೀ. ಗೆರೆಯೊಂದನ್ನು ಎಳೆದು ಮುದ್ರಿಸಿದೆ. ಗೆರೆ ಸರಿಯಾಗಿ 100 ಇತ್ತು.

ಗಂಟು ಬಿಚ್ಚಿದವರು ಹಳೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದ್ದ ಹಿರಿಯರೊಬ್ಬರು. ನನ್ನ ಹಾಳೆ ನೋಡಿದವರೇ ಒಳಗೆ ಹೋಗಿ, ಕಾಗದದಲ್ಲಿ ಸುತ್ತಿಟ್ಟಿದ್ದ ಒಂದು ಸೀಸದ ಮೊಳೆ ತಂದರು. ಅದರ ತುದಿಯಲ್ಲಿ ಇಂಗ್ಲಿಷಿನ ದೊಡ್ಡಕ್ಷರ ‘ಎಚ್’ ಉಬ್ಬಿ ನಿಂತಿತ್ತು. “ನೋಡಪ್ಪ, ಈ ಮೊಳೆಯ ಮೈ ಎಷ್ಟಿದೆ, ಅಕ್ಷರ ಎಷ್ಟಿದೆ? ನಾವು ಪಾಯಿಂಟ್ ಅಂತಿದ್ದದ್ದು ಮೈಯನ್ನ, ಅಕ್ಷರವನ್ನಲ್ಲ” ಎಂದರು. ಅಕ್ಷರದ ಕೆಳಗೆ ಸೀಸ ಖಾಲಿ ಬಿಟ್ಟಿತ್ತು. ಕೆಳಕ್ಕೆ ಬಾಲ ಇಳಿಬಿಡುವ ಸಣ್ಣ ‘ಜಿ’, ‘ಪಿ’ಗಳಿಗೂ ಅದೇ ಮೈಯಲ್ಲಿ ಜಾಗ ಬೇಕು. ಸಾಲಿನ ಮೊಳೆಗಳೆಲ್ಲ ಒಂದೇ ಮೈಯವಾಗಿದ್ದರೆ ಮಾತ್ರ ಚೌಕಟ್ಟಿನಲ್ಲಿ ಅಲುಗದೆ ಕೂರುತ್ತವೆ. ಹಾಗಾಗಿ ಮೊಳೆ ಎರಕ ಹೊಯ್ಯುವವರಿಗೆ ಮುಖ್ಯವಾದ ಅಳತೆ ಮೈಯದು.

ಈ ಅಳತೆ ಹುಟ್ಟಿದ್ದೂ ಎರಕದ ಮನೆಯಲ್ಲೇ. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಮೊಳೆಯ ಗಾತ್ರಗಳಿಗೆ ಸಂಖ್ಯೆ ಇರಲಿಲ್ಲ, ಸಿಸೆರೋ, ನೊಂಪರೇಯ್ ಎಂಬಂಥ ಹೆಸರುಗಳಿದ್ದವು. ಒಬ್ಬರ ಸಿಸೆರೋ ಇನ್ನೊಬ್ಬರ ಸಿಸೆರೋಗೆ ಹೊಂದುತ್ತಿರಲಿಲ್ಲ. 1737ರಲ್ಲಿ ಪ್ಯಾರಿಸ್ಸಿನ ಪಿಯರ್ ಸೈಮನ್ ಫೂರ್ನಿಯೆ ಗಾತ್ರಗಳನ್ನೆಲ್ಲ ಒಂದೇ ಸಣ್ಣ ಅಳತೆಯಿಂದ ಎಣಿಸುವ ಪಟ್ಟಿಯೊಂದನ್ನು ಮುದ್ರಿಸಿದ. ಮುಂದೆ ಫ್ರಾಂಸ್ವಾ ಆಂಬ್ರಾಜ್ ಡಿಡೊ ಅದನ್ನು ಫ್ರೆಂಚ್ ರಾಜರ ಅಂಗುಲಕ್ಕೆ ಕಟ್ಟಿಹಾಕಿ, ಅಂಗುಲದ 72ರಲ್ಲಿ ಒಂದು ಭಾಗವನ್ನು ಪಾಯಿಂಟ್ ಎಂದ. ಆ ಅಂಗುಲ ಇಂಗ್ಲಿಷ್ ಅಂಗುಲಕ್ಕಿಂತ ಉದ್ದ. ಹಾಗಾಗಿ ಡಿಡೊನ ಪಾಯಿಂಟ್ 0.376 ಮಿ.ಮೀ. ಆಯಿತು. ಅಮೆರಿಕದ ಎರಕದವರು 1886ರಲ್ಲಿ ಬೇರೆಯದೇ ಒಂದನ್ನು ಒಪ್ಪಿಕೊಂಡರು. ಅದು ಸುಮಾರು 0.3515 ಮಿ.ಮೀ., ಅಂಗುಲಕ್ಕೆ 72ಕ್ಕಿಂತ ತುಸು ಹೆಚ್ಚು. ಆಗಲೇ ಬಳಕೆಯಲ್ಲಿದ್ದ ಮೊಳೆಗಳನ್ನು ಕರಗಿಸಿ ಹೊಸದಾಗಿ ಹೊಯ್ಯುವುದು ಯಾರಿಗೂ ಬೇಕಿರಲಿಲ್ಲ. ಇರುವ ಒಂದು ಅಳತೆಯನ್ನೇ ಎಲ್ಲರಿಗೂ ಅಳತೆ ಮಾಡಿಕೊಂಡರು.

ನಮ್ಮ ಕಂಪ್ಯೂಟರಿನ ಪಾಯಿಂಟ್ ಇದಕ್ಕಿಂತ ಎಳೆಯದು. ಅಡೋಬಿಯವರು 1984ರಲ್ಲಿ ತಂದ ಪೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಅಮೆರಿಕದ ಆ ಒಡಕು ಲೆಕ್ಕವನ್ನು ಬಿಟ್ಟು, ಅಂಗುಲಕ್ಕೆ ನೇರ 72 ಪಾಯಿಂಟ್ ಎಂದು ಇಟ್ಟರು. ಅಂಗುಲ 25.4 ಮಿ.ಮೀ., 72ರಿಂದ ಭಾಗಿಸಿದರೆ 0.3528. ನಾನು ಬಳಸಿದ ಸಂಖ್ಯೆ ಸರಿಯಾಗಿಯೇ ಇತ್ತು. ಆದರೆ ಅದು ಅಳೆಯುತ್ತಿದ್ದುದು ಈಗ ಕೈಗೆ ಸಿಗದ ಸೀಸದ ಮೈಯನ್ನು. ಸೀಸ ಹೋದರೂ ಅದರ ಎತ್ತರ ಫಾಂಟಿನೊಳಗೆ ಕಣ್ಣಿಗೆ ಕಾಣದ ಚೌಕವಾಗಿ ಉಳಿದಿದೆ. ನನ್ನ 113 ಪಾಯಿಂಟಿನ ಚೌಕ ಹೆಚ್ಚುಕಡಿಮೆ 40 ಮಿ.ಮೀ. ಇತ್ತು, ಅದರೊಳಗೆ ಅಕ್ಷರ ಎಷ್ಟು ತುಂಬಬೇಕೆಂದು ನಿರ್ಧರಿಸಿದ್ದವರು ಫಾಂಟ್ ಬರೆದವರು.

ಇಂಗ್ಲಿಷ್ ಸಾಲಿಗೆ ನಾನು ಬಳಸಿದ್ದ ಏರಿಯಲ್‌ನಲ್ಲಿ ದೊಡ್ಡಕ್ಷರ ಚೌಕದ 0.716 ಭಾಗ ತುಂಬುತ್ತದೆ. 40ನ್ನು ಅದರಿಂದ ಗುಣಿಸಿದರೆ ಬರುವುದು 28.6, ನನ್ನ ಅಡಿಪಟ್ಟಿ ತೋರಿಸಿದ್ದೂ ಹೆಚ್ಚುಕಡಿಮೆ ಅದನ್ನೇ. ಕನ್ನಡಕ್ಕೆ ಕೆಳಗೆ ಒತ್ತಕ್ಷರ ಇಳಿಯಬೇಕು, ಮೇಲೆ ಗುಣಿತದ ಚಿಹ್ನೆ ಏಳಬೇಕು. ಆ ಎರಡಕ್ಕೂ ಜಾಗ ಬಿಟ್ಟಾಗ ಮೂಲ ಅಕ್ಷರಕ್ಕೆ ಉಳಿಯುವುದು ಕಡಿಮೆ. ನಾನು ಬಳಸಿದ ಫಾಂಟಿನಲ್ಲಿ ಅದು ಅರ್ಧಕ್ಕಿಂತಲೂ ಕೆಳಗಿತ್ತು. ಇನ್ನೊಂದು ಕನ್ನಡ ಫಾಂಟಿನಲ್ಲಿ ಇದೇ ಪಾಲು ಇರುತ್ತದೆಂದು ನಂಬುವಂತಿಲ್ಲ. ಆದ್ದರಿಂದ ಕನ್ನಡಕ್ಕೆಲ್ಲ ಸಲ್ಲುವ ಒಂದೇ ಗುಣಕ ಹುಡುಕುವುದು ವ್ಯರ್ಥ, ಫಾಂಟ್ ಬದಲಾದಾಗಲೆಲ್ಲ ಅಳೆಯಲೇಬೇಕು.

ಮೊಳೆ ತೋರಿಸಿದ ಹಿರಿಯರು ಲೆಕ್ಕದ ದಾರಿಯನ್ನೂ ಹೇಳಿದರು. “113ಕ್ಕೆ 19 ಬಂದ್ರೆ 40ಕ್ಕೆ ಎಷ್ಟು ಬೇಕು? ತ್ರೈರಾಶಿ ಹಾಕು.” 113ನ್ನು 40ರಿಂದ ಗುಣಿಸಿ 19ರಿಂದ ಭಾಗಿಸಿದರೆ 238. ಅಂದರೆ ‘ಕ’ 40 ಮಿ.ಮೀ. ಆಗಲು 238 ಪಾಯಿಂಟ್ ಬೇಕು. ಇಂಗ್ಲಿಷಿಗೆ ಇದೇ ರೀತಿ ಹಾಕಿದಾಗ 159 ಸಾಕಾಯಿತು. ಒಂದೇ ಎತ್ತರಕ್ಕೆ ಎರಡು ಲಿಪಿಗೆ ಎರಡು ಸಂಖ್ಯೆ! ಇಷ್ಟು ವರ್ಷ ಎರಡೂ ಸಾಲಿಗೆ ಒಂದೇ ಪಾಯಿಂಟ್ ಕೊಟ್ಟು, ಅದನ್ನೇ ಸಮಾನತೆ ಎಂದುಕೊಂಡಿದ್ದೆ. ನಾನು ಮಾಡಿದ ಎಷ್ಟು ಫಲಕಗಳಲ್ಲಿ ಕನ್ನಡ ಇಂಗ್ಲಿಷಿನ ಮುಂದೆ ಮುದುಡಿ ನಿಂತಿದೆಯೋ ಎಂದು ನೆನೆದು ಅವತ್ತು ನಿಜಕ್ಕೂ ನೋವಾಯಿತು.

ಇನ್ನೊಂದು ತೊಡಕು ಉಳಿದಿತ್ತು. ಫಲಕದಲ್ಲಿ ಕನ್ನಡ ಸಾಲಿಗೆಂದು ಬಿಟ್ಟಿದ್ದ ಪಟ್ಟಿ 75 ಮಿ.ಮೀ. 238 ಪಾಯಿಂಟಿನ ಚೌಕವೋ 84 ಮಿ.ಮೀ. ಲೆಕ್ಕದ ಮೇಲೆ ಹೋದರೆ ಹಿಡಿಯುವುದಿಲ್ಲ ಅನ್ನಿಸುತ್ತದೆ. ಆದರೆ ಪಟ್ಟಿಯಲ್ಲಿ ಕೂರಬೇಕಾದ್ದು ಚೌಕವಲ್ಲ, ಶಾಯಿ. ಅಕ್ಷರಗಳನ್ನು ರೇಖಾಚಿತ್ರವಾಗಿ ಬದಲಿಸಿ, ‘ಪ್ರಕಟಣೆ’ಯ ಒತ್ತಿನ ತಳದಿಂದ ‘ಣೆ’ಯ ನೆತ್ತಿಯವರೆಗೆ ತೆರೆಯ ಮೇಲೆ ಅಳೆದೆ, 59 ಮಿ.ಮೀ. ಇತ್ತು. ಮೇಲೆ ಕೆಳಗೆ ಎಂಟೆಂಟು ಮಿ.ಮೀ. ಉಳಿದು ಸಾಲು ಚೆನ್ನಾಗಿ ಕೂತಿತು. ಕೋರೆಲ್‌ಡ್ರಾದಲ್ಲಿ ಕರ್ವ್ಸ್ ಮಾಡಿದ ಮೇಲೆ ಕಾಣುವ ಎತ್ತರ ಶಾಯಿಯದೇ. ಪದ ಬದಲಾದರೆ ಈ 59 ಕೂಡ ಬದಲಾಗುತ್ತದೆ. ಒತ್ತಕ್ಷರವಿಲ್ಲದ ‘ಸೂಚನೆ’ಗೆ ಇಷ್ಟು ಜಾಗ ಬೇಡ. ಹಾಗಾಗಿ ತಲೆಬರಹದ ಪದ ಗಟ್ಟಿಯಾಗುವ ಮೊದಲು ಪಟ್ಟಿಯ ಎತ್ತರ ಗೊತ್ತು ಮಾಡಬಾರದು.

ದೊಡ್ಡ ಫಲಕವನ್ನು ಹತ್ತನೇ ಒಂದು ಅಳತೆಯಲ್ಲಿ ವಿನ್ಯಾಸ ಮಾಡಿ, ಮುದ್ರಿಸುವಾಗ ಹಿಗ್ಗಿಸುವವರೂ ಇದ್ದಾರೆ. ಅಲ್ಲಿ 238ರ ಬದಲು 23.8 ಪಾಯಿಂಟ್ ಕೊಡಬೇಕು. ಜೊತೆಗೆ ಎಳೆಯುವ ಪರೀಕ್ಷೆಯ ಗೆರೆಯೂ ಅದೇ ಕಡತದಲ್ಲಿರಲಿ, ಅಕ್ಷರ ಹಿಗ್ಗಿದಷ್ಟೇ ಅದೂ ಹಿಗ್ಗಿದ್ದು ಆಗ ಗೊತ್ತಾಗುತ್ತದೆ.

ಎರಡನೆಯ ಮಾದರಿಯನ್ನು ಪೂರ್ಣ ಅಳತೆಯಲ್ಲಿ ಮುದ್ರಿಸಿ ಗ್ರಂಥಾಲಯದವರ ಎದುರಿಗೇ ಅಡಿಪಟ್ಟಿ ಇಟ್ಟೆ. ‘ಕ’ 40, ಇಂಗ್ಲಿಷ್ ಅಕ್ಷರವೂ 40. ಫಲಕ ಹಾಗೆಯೇ ಗೋಡೆ ಏರಿತು. ಎರಡು ಭಾಷೆಯ ಫಲಕ ಮಾಡಿಸುವವರಲ್ಲಿ ನನ್ನದೊಂದು ಕೋರಿಕೆ: ಅಕ್ಷರದ ಎತ್ತರವನ್ನು ಮಿಲಿಮೀಟರಿನಲ್ಲೇ ಬರೆದುಕೊಡಿ, ಅದು ತಲೆಕಟ್ಟೂ ಸೇರಿದ ಮೂಲಾಕ್ಷರದ ಎತ್ತರ ಎಂದು ಪಕ್ಕದಲ್ಲಿ ನಮೂದಿಸಿ, ಮಾದರಿ ಬಂದಾಗ ಅಡಿಪಟ್ಟಿ ಇಟ್ಟು ನೋಡಿಯೇ ಒಪ್ಪಿಗೆ ಕೊಡಿ.