ಎರಕ, ಫ್ಲೋ ಫಾರ್ಮ್ಡ್, ಫೋರ್ಜ್ಡ್: ಮೂರು ಬಗೆಯ ಅಲಾಯ್ ಚಕ್ರಗಳ ಬಲಾಬಲ

ಅಲ್ಯೂಮಿನಿಯಮ್ಮಿಗೆ ಸ್ವಲ್ಪ ಸಿಲಿಕಾನ್, ಸ್ವಲ್ಪ ಮೆಗ್ನೀಸಿಯಮ್ ಬೆರೆಸಿದ ಮಿಶ್ರಲೋಹದಿಂದ ಕಾರಿನ ಅಲಾಯ್ ಚಕ್ರ ತಯಾರಾಗುತ್ತದೆ. ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿದಾಗ ಅವೆಲ್ಲ ಒಂದೇ ಥರ ಕಾಣುತ್ತವೆ. ಬೆಲೆ ಕೇಳಿದರೆ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಐದಾರು ಪಟ್ಟು ವ್ಯತ್ಯಾಸ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಲೋಹವನ್ನು ಚಕ್ರದ ಆಕಾರಕ್ಕೆ ತಂದ ವಿಧಾನ. ಅಂಥ ವಿಧಾನಗಳು ಮೂರು: ಕರಗಿಸಿ ಅಚ್ಚಿಗೆ ಎರೆಯುವುದು, ಎರೆದ ಮೇಲೆ ಅಂಚನ್ನು ಒತ್ತಿ ಹಿಗ್ಗಿಸುವುದು, ಕರಗಿಸದೆಯೇ ಗಟ್ಟಿ ಲೋಹವನ್ನು ಒತ್ತಿ ರೂಪ ಕೊಡುವುದು.

ಇವುಗಳ ಗುಣದೋಷ ತಿಳಿಯಬೇಕಾದರೆ ಚಕ್ರಕ್ಕೆ ಪೆಟ್ಟು ಬೀಳುವ ಜಾಗ ಯಾವುದೆಂದು ಮೊದಲು ನೋಡಬೇಕು. ಚಕ್ರದ ನಡುವೆ ಬೋಲ್ಟುಗಳು ಕೂರುವ ಹಬ್ ಇರುತ್ತದೆ, ಅಲ್ಲಿಂದ ಸ್ಪೋಕುಗಳು ಹೊರಡುತ್ತವೆ, ಸುತ್ತಲೂ ಟಯರ್ ಕೂರುವ ಅಗಲವಾದ ಬಳೆಯಿರುತ್ತದೆ. ಈ ಬಳೆಗೆ ಬ್ಯಾರೆಲ್ ಎನ್ನುತ್ತಾರೆ. ಸ್ಪೋಕುಗಳು ಸಾಮಾನ್ಯವಾಗಿ ಬ್ಯಾರೆಲ್‌ನ ಹೊರಮುಖದ ಹತ್ತಿರ ಸೇರುತ್ತವೆ. ಹಾಗಾಗಿ ಕಾರಿನ ಅಡಿಭಾಗದ ಕಡೆಗಿರುವ ಒಳ ಅಂಚಿಗೆ ಯಾವ ಆಸರೆಯೂ ಇಲ್ಲ. ಗುಂಡಿಯ ಅಂಚಿಗೆ ಬಡಿದು ಟಯರ್ ಪೂರ್ತಿ ಅಮುಕಿಹೋದಾಗ ಪೆಟ್ಟು ನೇರವಾಗಿ ಬ್ಯಾರೆಲ್ಲಿಗೆ ಬೀಳುತ್ತದೆ, ಮೊದಲು ಸೋಲುವುದು ಈ ಒಳ ಅಂಚೇ. ಮೂರು ಬಗೆಯ ಚಕ್ರಗಳನ್ನು ಹೋಲಿಸುವಾಗ ಬ್ಯಾರೆಲ್ ಹೇಗೆ ತಯಾರಾಯಿತು ಎಂಬ ಪ್ರಶ್ನೆ ಮುಖ್ಯವಾಗುವುದು ಇದರಿಂದ.

ತಯಾರಾಗುವ ಬಗೆ

ಹೊಸ ಕಾರಿನೊಂದಿಗೆ ಬರುವ ಅಲಾಯ್ ಚಕ್ರಗಳಲ್ಲಿ ಹೆಚ್ಚಿನವು ಎರಕದವು. ಇದಕ್ಕೆ ಬಳಸುವ ಲೋಹ ಸಾಮಾನ್ಯವಾಗಿ ಎ356 ಎಂಬ ಮಿಶ್ರಣ. ಅದರಲ್ಲಿ ಸುಮಾರು ಶೇ. 7ರಷ್ಟು ಸಿಲಿಕಾನ್ ಇರುವುದರಿಂದ ಕರಗಿದಾಗ ಅದು ಅಚ್ಚಿನ ಸಂದುಗೊಂದುಗಳಿಗೂ ಸರಾಗವಾಗಿ ಹರಿಯುತ್ತದೆ. ಅಚ್ಚಿನ ಕೆಳಗಿರುವ ಕುಲುಮೆಗೆ ಸಣ್ಣ ಪ್ರಮಾಣದ ಗಾಳಿಯ ಒತ್ತಡ ಕೊಟ್ಟರೆ ಲೋಹ ಕೊಳವೆಯ ಮೂಲಕ ಮೇಲೇರಿ ಅಚ್ಚನ್ನು ತುಂಬುತ್ತದೆ. ತಣಿಯುವಾಗ ಲೋಹ ಕುಗ್ಗುತ್ತದೆ, ಕರಗಿದ್ದಾಗ ಹೀರಿಕೊಂಡ ಹೈಡ್ರೋಜನ್ ಹೊರಬರುತ್ತದೆ. ಇವೆರಡೂ ಸೇರಿ ಒಳಗೆ ಸಣ್ಣ ಸಣ್ಣ ಟೊಳ್ಳುಗಳನ್ನು ಉಳಿಸುತ್ತವೆ. ಒಳ್ಳೆಯ ಕಾರ್ಖಾನೆಗಳು ಚಕ್ರಗಳನ್ನು ಎಕ್ಸ್‌ರೇ ಹಿಡಿದು, ಟೊಳ್ಳು ಮಿತಿ ಮೀರಿದವನ್ನು ಮತ್ತೆ ಕುಲುಮೆಗೆ ಹಾಕುತ್ತವೆ. ಆದರೂ ಎರಕದಲ್ಲಿ ಟೊಳ್ಳು ಪೂರ್ತಿ ಇಲ್ಲವಾಗುವುದಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿದೇ ವಿನ್ಯಾಸಕಾರರು ಗೋಡೆಯ ದಪ್ಪ ಹೆಚ್ಚಿಸುತ್ತಾರೆ.

ಫ್ಲೋ ಫಾರ್ಮ್ಡ್ ಚಕ್ರದ ಹುಟ್ಟೂ ಎರಕದಲ್ಲೇ. ಆದರೆ ಇಲ್ಲಿ ಹಬ್ಬು, ಸ್ಪೋಕುಗಳ ಸುತ್ತ ಬ್ಯಾರೆಲ್ ಬದಲು ದಪ್ಪನೆಯ ಗಿಡ್ಡ ಬಳೆಯನ್ನಷ್ಟೇ ಎರೆಯುತ್ತಾರೆ. ಅದನ್ನು ಸುಮಾರು 350 ಡಿಗ್ರಿಗೆ ಕಾಯಿಸಿ, ತಿರುಗುವ ಉಕ್ಕಿನ ಅಚ್ಚಿನ ಮೇಲೆ ಕೂರಿಸಿ, ಹೊರಗಿನಿಂದ ಗಟ್ಟಿ ರೋಲರುಗಳಿಂದ ಒತ್ತುತ್ತಾರೆ. ತಿಗರಿಯ ಮೇಲೆ ಕುಂಬಾರನ ಬೆರಳೊತ್ತಿಗೆ ಮಡಕೆಯ ಗೋಡೆ ತೆಳುವಾಗುತ್ತ ಏರುವ ಹಾಗೆ ಬಳೆ ತೆಳುವಾಗುತ್ತ ಅಗಲಕ್ಕೆ ಹಿಗ್ಗಿ ಬ್ಯಾರೆಲ್ ಆಗುತ್ತದೆ. ಈ ಒತ್ತಡಕ್ಕೆ ಒಳಗಿನ ಟೊಳ್ಳುಗಳು ಮುಚ್ಚುತ್ತವೆ, ಲೋಹದ ಹರಳುಗಳು ಹಿಗ್ಗಿದ ದಿಕ್ಕಿಗೆ ಉದ್ದವಾಗುತ್ತವೆ. ಸ್ಪೋಕುಗಳು ಮಾತ್ರ ಎರಕವಾಗಿಯೇ ಉಳಿಯುತ್ತವೆ. ಜಪಾನಿನ ಎಂಕೈ ಕಂಪನಿ ತನ್ನ ಇಂಥ ವಿಧಾನವನ್ನು ‘ಮ್ಯಾಟ್’ ಎಂದು ಕರೆಯುತ್ತದೆ. ‘ರೋಟರಿ ಫೋರ್ಜ್ಡ್’, ‘ಹೈಬ್ರಿಡ್ ಫೋರ್ಜ್ಡ್’ ಎಂಬ ಹೆಸರಿನಲ್ಲಿ ಮಾರುವ ಚಕ್ರಗಳೂ ಬಹುಮಟ್ಟಿಗೆ ಇವೇ. ಹೆಸರಿನಲ್ಲಿ ಫೋರ್ಜ್ಡ್ ಇದೆ ಎಂದ ಮಾತ್ರಕ್ಕೆ ಇಡೀ ಚಕ್ರ ಫೋರ್ಜ್ ಆಗಿರುವುದಿಲ್ಲ.

ನಿಜವಾದ ಫೋರ್ಜ್ಡ್ ಚಕ್ರಕ್ಕೆ ಲೋಹವನ್ನು ಕರಗಿಸಿ ಅಚ್ಚಿಗೆ ಹೊಯ್ಯುವುದಿಲ್ಲ. ಸಾಮಾನ್ಯವಾಗಿ 6061 ಎಂಬ ಮಿಶ್ರಲೋಹದ ಗಟ್ಟಿ ದಿಂಡನ್ನು ಕತ್ತರಿಸಿ, ಮೆತ್ತಗಾಗುವಷ್ಟು ಕಾಯಿಸಿ, ಸಾವಿರಾರು ಟನ್ ಬಲದ ಪ್ರೆಸ್ಸಿನಲ್ಲಿ ಹಂತಹಂತವಾಗಿ ಒತ್ತುತ್ತಾರೆ. ಬ್ಯಾರೆಲ್ಲನ್ನು ರೋಲರುಗಳಿಂದ ಹಿಗ್ಗಿಸಿ, ಕಿಟಕಿಗಳನ್ನೂ ಸ್ಪೋಕಿನ ಬೆನ್ನನ್ನೂ ಸಿಎನ್‌ಸಿ ಯಂತ್ರದಲ್ಲಿ ಕೊರೆಯುತ್ತಾರೆ. ಹಬ್‌ನಿಂದ ಅಂಚಿನವರೆಗೆ ಇಡೀ ಚಕ್ರ ಒತ್ತಡ ಉಂಡ ಲೋಹವೇ. ಅಮೆರಿಕದ ಅಲ್ಕೋವ ಕಂಪನಿ 1948ರಲ್ಲಿ ಲಾರಿಗಳಿಗಾಗಿ ಇಂಥ ಚಕ್ರ ತಂದಿತು. 1966ರಲ್ಲಿ ಪೋರ್ಷೆ 911 ಎಸ್ ಕಾರಿಗೆ ಜರ್ಮನಿಯ ಫುಕ್ಸ್ ಕಂಪನಿ ಮಾಡಿಕೊಟ್ಟ ಚಕ್ರವೂ ಫೋರ್ಜ್ಡ್ ಆಗಿತ್ತು.

ಮೂರಕ್ಕೂ ಸಾಮಾನ್ಯವಾಗಿ ಕೊನೆಯಲ್ಲಿ ಟಿ6 ಎಂಬ ಶಾಖಸಂಸ್ಕಾರ ಇರುತ್ತದೆ. ಚಕ್ರವನ್ನು 500 ಡಿಗ್ರಿಗೂ ಮೇಲೆ ಕಾಯಿಸಿ, ನೀರಿನಲ್ಲಿ ತಟ್ಟನೆ ತಣಿಸಿ, ಬಳಿಕ 150ರಿಂದ 180 ಡಿಗ್ರಿ ಬಿಸಿಯಲ್ಲಿ ಹಲವು ಗಂಟೆ ಇಡುತ್ತಾರೆ. ಚಕ್ರದ ಗಟ್ಟಿತನದಲ್ಲಿ ದೊಡ್ಡ ಪಾಲು ಈ ಹಂತದಿಂದ ಬಂದದ್ದು. ರಿಪೇರಿಯ ಮಾತು ಬಂದಾಗ ಇದು ಮತ್ತೆ ಮುಖ್ಯವಾಗುತ್ತದೆ.

ಬಲ

ಬಲದಲ್ಲಿ ಎರಡು ಬಗೆಯ ಅಳತೆಗಳಿವೆ. ಎಷ್ಟು ಭಾರಕ್ಕೆ ಲೋಹ ಶಾಶ್ವತವಾಗಿ ಬಾಗುತ್ತದೆ ಎಂಬುದು ಒಂದು. ಮುರಿಯುವ ಮುನ್ನ ಎಷ್ಟು ಹಿಗ್ಗಬಲ್ಲದು ಎಂಬುದು ಇನ್ನೊಂದು. ಎರಕದ ಎ356 ಒಂದು ಚದರ ಮಿಲಿಮೀಟರಿಗೆ ಸುಮಾರು 20 ಕಿಲೋ ಭಾರಕ್ಕೆ ಬಾಗತೊಡಗಿದರೆ, ಫೋರ್ಜ್ ಮಾಡಿದ 6061ಕ್ಕೆ ಸುಮಾರು 28 ಕಿಲೋ ಬೇಕು. ಹಿಗ್ಗುವ ಗುಣದಲ್ಲೂ ಫೋರ್ಜ್ಡ್ ಲೋಹ ಮುಂದಿದೆ. ಎರಕದೊಳಗಿನ ಟೊಳ್ಳುಗಳು ಬಿರುಕಿಗೆ ಆರಂಭದ ಜಾಗ ಒದಗಿಸುತ್ತವೆ. ಹೀಗಾಗಿ ಜೋರಾದ ಪೆಟ್ಟಿಗೆ ಎರಕದ ಚಕ್ರ ಬಿರುಕು ಬಿಡುವ ಸಂಭವ ಹೆಚ್ಚು, ಫೋರ್ಜ್ಡ್ ಚಕ್ರ ಬಾಗುವ ಸಂಭವ ಹೆಚ್ಚು. ಬಾಗಿದ ಚಕ್ರದಿಂದ ಗಾಳಿ ನಿಧಾನವಾಗಿ ಇಳಿಯಬಹುದು. ಬಿರುಕು ಬಿಟ್ಟ ಚಕ್ರದ ಗಾಳಿ ಒಮ್ಮೆಗೇ ಹೋಗಬಹುದು. ಫ್ಲೋ ಫಾರ್ಮ್ಡ್ ಚಕ್ರದ ಬ್ಯಾರೆಲ್ ಫೋರ್ಜ್ಡ್ ಗುಣಕ್ಕೆ ಹತ್ತಿರ, ಸ್ಪೋಕಿನ ಗುಣ ಎರಕದ್ದೇ.

ಇಲ್ಲಿ ಒಂದು ಮಿತಿ ಇದೆ. ಒತ್ತಿದರೂ ಎರೆದರೂ ಅಲ್ಯೂಮಿನಿಯಮ್ಮಿನ ಬಿಗಿತ, ಅಂದರೆ ಬಾಗದೆ ಸೆಟೆದು ನಿಲ್ಲುವ ಗುಣ, ಬಹುತೇಕ ಒಂದೇ. ತೂಕ ಇಳಿಸುವ ಉತ್ಸಾಹದಲ್ಲಿ ಅಂಚನ್ನು ತೀರ ತೆಳುಮಾಡಿದ ಫೋರ್ಜ್ಡ್ ಚಕ್ರ, ದಪ್ಪಗೋಡೆಯ ಸಾಧಾರಣ ಎರಕದ ಚಕ್ರಕ್ಕಿಂತ ಬೇಗ ಬಾಗಬಹುದು.

ತೂಕ

ಮೂರೂ ಬಗೆಯ ಲೋಹದ ಸಾಂದ್ರತೆ ಹೆಚ್ಚುಕಡಿಮೆ ಒಂದೇ. ಬಲ ಹೆಚ್ಚಿದ್ದಲ್ಲಿ ಕಡಿಮೆ ಲೋಹ ಸಾಕಾಗುವುದರಿಂದ ಮಾತ್ರ ತೂಕ ಇಳಿಯುತ್ತದೆ. 17 ಇಂಚಿನ ಚಕ್ರ ಎರಕದ್ದಾದರೆ ಸುಮಾರು 10 ಕಿಲೋ, ಫ್ಲೋ ಫಾರ್ಮ್ಡ್ ಆದರೆ 8ರಿಂದ 9, ಫೋರ್ಜ್ಡ್ ಆದರೆ 7ರಿಂದ 8 ಕಿಲೋ ಇರುವುದು ಸಾಮಾನ್ಯ. ಜಪಾನಿನ ರೇಸ್ ಕಂಪನಿಯ ಪ್ರಸಿದ್ಧ ಫೋರ್ಜ್ಡ್ ಚಕ್ರ ಟಿಇ37ಕ್ಕೆ ಆ ಹೆಸರು ಬಂದದ್ದೇ ಅದರ 15 ಇಂಚಿನ ಮಾದರಿ 3.7 ಕಿಲೋ ತೂಗಿದ್ದರಿಂದ.

ಈ ಉಳಿತಾಯದ ಫಲವನ್ನು ಲೆಕ್ಕ ಹಾಕಿ ನೋಡಬಹುದು. 205/45 ಆರ್17 ಟಯರಿನ ತ್ರಿಜ್ಯ ಸುಮಾರು 31 ಸೆಂ.ಮೀ., ಬ್ಯಾರೆಲ್ ಇರುವುದು ಅಕ್ಷದಿಂದ ಸುಮಾರು 21.5 ಸೆಂ.ಮೀ. ದೂರದಲ್ಲಿ. ತಿರುಗುವ ತೂಕಕ್ಕೆ ವೇಗ ಕೊಡಲು ಹೆಚ್ಚಿನ ಶ್ರಮ ಬೇಕಾದ್ದರಿಂದ ಬ್ಯಾರೆಲ್‌ನ 1 ಕಿಲೋ, ಕಾರು ವೇಗ ಏರಿಸಿಕೊಳ್ಳುವಾಗ ಸುಮಾರು 1.5 ಕಿಲೋಗೆ ಸಮ. ಚಕ್ರಕ್ಕೆ 2 ಕಿಲೋ ಉಳಿದರೆ ನಾಲ್ಕಕ್ಕೆ 8, ಪರಿಣಾಮದಲ್ಲಿ 12 ಕಿಲೋ. 1,200 ಕಿಲೋದ ಕಾರಿಗೆ ಇದು ಶೇ. 1 ಮಾತ್ರ. ಮೈಲೇಜಿನಲ್ಲಿ ದೊಡ್ಡ ಲಾಭ ನಿರೀಕ್ಷಿಸುವಂತಿಲ್ಲ. ಲಾಭ ಹೆಚ್ಚು ಕಾಣುವುದು ಸಸ್ಪೆನ್ಷನ್‌ನಲ್ಲಿ. ಸ್ಪ್ರಿಂಗಿನ ಕೆಳಗಿನ ತೂಕ ಇಳಿದಷ್ಟೂ ಚಕ್ರ ರಸ್ತೆಯ ಏರಿಳಿತಕ್ಕೆ ಬೇಗ ಹೊಂದಿಕೊಳ್ಳುತ್ತದೆ.

ಬೆಲೆ

ಎರಕದ ಅಚ್ಚು ದುಬಾರಿಯಾದರೂ ಒಂದೇ ಅಚ್ಚಿನಿಂದ ಸಾವಿರಾರು ಚಕ್ರ ಬರುತ್ತವೆ, ಒಂದೊಂದಕ್ಕೆ ಹಿಡಿಯುವುದು ಕೆಲವೇ ನಿಮಿಷ. ಫ್ಲೋ ಫಾರ್ಮಿಂಗ್‌ನಲ್ಲಿ ಇದಕ್ಕೆ ಇನ್ನೊಂದು ಯಂತ್ರ, ಇನ್ನೊಂದು ಹಂತ ಸೇರುತ್ತದೆ. ಫೋರ್ಜಿಂಗ್‌ನಲ್ಲಿ ದೈತ್ಯ ಪ್ರೆಸ್ಸಿನ ಜೊತೆಗೆ ಹಲವು ಗಂಟೆಗಳ ಕೊರೆತವೂ ಇದೆ, ದಿಂಡಿನ ಬಹುಭಾಗ ಚೂರಾಗಿ ಹೋಗುತ್ತದೆ. ಎರಕದ ಚಕ್ರದ ಬೆಲೆಯನ್ನು ಒಂದು ಎಂದಿಟ್ಟುಕೊಂಡರೆ ಫ್ಲೋ ಫಾರ್ಮ್ಡ್ ಒಂದೂವರೆಯಿಂದ ಎರಡು ಪಟ್ಟು, ಫೋರ್ಜ್ಡ್ ನಾಲ್ಕು ಪಟ್ಟಿನಿಂದ ಮೇಲಕ್ಕೆ. ಒಂದು ಚಕ್ರ ಹಾಳಾದರೆ ಅದರ ಜೋಡಿ ಸಿಗುವುದೂ ಇದೇ ಕ್ರಮದಲ್ಲಿ ಕಷ್ಟವಾಗುತ್ತ ಹೋಗುತ್ತದೆ.

ರಿಪೇರಿ

ಫುಟ್‌ಪಾತಿಗೆ ಉಜ್ಜಿದ ಗೀರು, ಏಳುವ ಬಣ್ಣ ಇವು ಮೂರರಲ್ಲೂ ಸರಿಹೋಗುತ್ತವೆ. ತೊಡಕು ಇರುವುದು ಬೆಂಡಿನಲ್ಲಿ ಮತ್ತು ಬಿರುಕಿನಲ್ಲಿ. ಬೆಂಡ್ ತೆಗೆಯುವ ಅಂಗಡಿಯಲ್ಲಿ ಚಕ್ರವನ್ನು ಯಂತ್ರಕ್ಕೆ ಕಟ್ಟಿ ತಿರುಗಿಸಿ, ಓಲಾಟವನ್ನು ಡಯಲ್ ಗೇಜಿನಿಂದ ಅಳೆದು, ಹೈಡ್ರಾಲಿಕ್ ಜಾಕಿನಿಂದ ಒತ್ತುತ್ತಾರೆ. ಸುಲಭವಾಗಲೆಂದು ಗ್ಯಾಸ್ ಬರ್ನರ್ ಹಿಡಿಯುವುದೂ ಉಂಟು. ಅಪಾಯ ಇರುವುದು ಇಲ್ಲೇ. ಟಿ6 ಸಂಸ್ಕಾರ ಮುಗಿದದ್ದು 180 ಡಿಗ್ರಿಯೊಳಗೆ. ಬರ್ನರಿನ ಬಿಸಿ ಅದನ್ನು ಬಹಳಷ್ಟು ಮೀರಿದರೆ ಆ ಜಾಗದ ಲೋಹ ಮೆತ್ತಗಾಗಿ, ಮುಂದಿನ ಗುಂಡಿಗೆ ಅಲ್ಲೇ ಮತ್ತೆ ಬಾಗುತ್ತದೆ. ವೆಲ್ಡಿಂಗ್‌ನಿಂದ ಇನ್ನೂ ಹೆಚ್ಚು ಹಾನಿ. ಬೆಸುಗೆಯ ಅಕ್ಕಪಕ್ಕದಲ್ಲಿ 6061 ತನ್ನ ಬಲದ ದೊಡ್ಡ ಭಾಗವನ್ನೇ ಕಳೆದುಕೊಳ್ಳುತ್ತದೆ. ಸ್ಪೋಕು, ಹಬ್ಬು, ಬೋಲ್ಟಿನ ತೂತುಗಳ ಬಳಿ ಬಿರುಕು ಕಂಡರೆ ಯಾವ ಬಗೆಯ ಚಕ್ರವನ್ನೂ ಬೆಸೆದು ಮತ್ತೆ ಓಡಿಸಬಾರದು.

ಒಂದು ಸಾಮಾನ್ಯ ಪ್ರಸಂಗ ತೆಗೆದುಕೊಳ್ಳಬಹುದು. ಒಂದು ಕಾರಿಗೆ ಮೊದಲಿದ್ದದ್ದು 185/65 ಆರ್15 ಟಯರ್, ಅದರ ಪಕ್ಕಗೋಡೆಯ ಎತ್ತರ 120 ಮಿ.ಮೀ. ಮಾಲೀಕರು 205/45 ಆರ್17ಕ್ಕೆ ಬದಲಿಸಿದಾಗ ಅದು 92ಕ್ಕೆ ಇಳಿಯಿತು. ಪೆಟ್ಟು ನುಂಗುವ ರಬ್ಬರು 28 ಮಿ.ಮೀ. ಕಡಿಮೆಯಾಯಿತು. ಮಳೆನೀರು ತುಂಬಿದ ಗುಂಡಿಗೆ 60 ಕಿ.ಮೀ. ವೇಗದಲ್ಲಿ ಚಕ್ರ ಬಡಿದ ಮೇಲೆ 80 ಕಿ.ಮೀ. ಹತ್ತಿರ ಸ್ಟಿಯರಿಂಗ್ ನಡುಗತೊಡಗಿತು, ಬ್ಯಾಲೆನ್ಸಿಂಗ್ ಮಾಡಿಸಿದರೂ ನಿಲ್ಲಲಿಲ್ಲ. ಟಯರ್ ಬಿಚ್ಚಿ ನೋಡಿದರೆ ಒಳ ಅಂಚು ಕೆಲವು ಮಿಲಿಮೀಟರ್ ತಗ್ಗಿದೆ. ಚಕ್ರ ಎರಕದ್ದಾದರೆ ಮೊದಲು ಬಿರುಕಿನ ಪರೀಕ್ಷೆ ಆಗಬೇಕು: ಜಾಗ ಒರೆಸಿ, ಕೆಂಪು ಪೆನಿಟ್ರೆಂಟ್ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹಾಕಿದರೆ ಬಿರುಕು ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ. ಗೆರೆ ಕಂಡರೆ ಚಕ್ರ ಗುಜರಿಗೆ. ಕಾಣದಿದ್ದರೂ ಸಣ್ಣ ಬೆಂಡನ್ನಷ್ಟೇ ತೆಗೆಸಬಹುದು, ಒತ್ತಿದ ಮೇಲೆ ಮತ್ತೊಮ್ಮೆ ಇದೇ ಪರೀಕ್ಷೆ ಬೇಕು. ಫ್ಲೋ ಫಾರ್ಮ್ಡ್ ಆಗಿದ್ದರೆ ಅದೇ ಪೆಟ್ಟಿಗೆ ಬೆಂಡು ಚಿಕ್ಕದಾಗುವ, ಬಿರುಕಿಲ್ಲದೆ ನೇರವಾಗುವ ಸಾಧ್ಯತೆ ಹೆಚ್ಚು. ಫೋರ್ಜ್ಡ್ ಅಂಚನ್ನು ಒತ್ತಲು ಹೆಚ್ಚಿನ ಬಲ ಬೇಕು, ಆದರೆ ಅದು ಬಿರುಕಿಲ್ಲದೆ ಮಣಿಯುತ್ತದೆ. ಎರಡು-ಮೂರು ತುಂಡುಗಳನ್ನು ಬೋಲ್ಟಿನಿಂದ ಜೋಡಿಸಿದ ಫೋರ್ಜ್ಡ್ ಚಕ್ರವಾದರೆ ಹಾಳಾದ ಬ್ಯಾರೆಲ್ಲನ್ನೇ ಬದಲಿಸಬಹುದು.

ಆರಿಸುವಾಗ

ಚಕ್ರದ ಬೆನ್ನು ನೋಡಿದರೆ ಬಗೆಯನ್ನು ಸ್ವಲ್ಪಮಟ್ಟಿಗೆ ಗುರುತಿಸಬಹುದು. ಎರಕದಲ್ಲಿ ಸ್ಪೋಕಿನ ಹಿಂಭಾಗ ಒರಟು, ಅಚ್ಚಿನ ಗುರುತುಗಳು ಉಳಿದಿರುತ್ತವೆ. ಫೋರ್ಜ್ಡ್ ಚಕ್ರದಲ್ಲಿ ಯಂತ್ರ ಕೊರೆದ ನಯವಾದ ಗೆರೆಗಳಿರುತ್ತವೆ. ಬಗೆ ಯಾವುದಾದರೂ ಚಕ್ರದ ಮೇಲೆ ಜಪಾನಿನ ಜೆಡಬ್ಲ್ಯುಎಲ್, ವಿಐಎ ಮುದ್ರೆಗಳಂಥ ಪರೀಕ್ಷೆಯ ಗುರುತೂ ಗರಿಷ್ಠ ಭಾರದ ಅಂಕಿಯೂ ಇರಬೇಕು. ಆ ಅಂಕಿ, ಕಾರಿನ ಹೆಚ್ಚು ಭಾರದ ಆಕ್ಸಲ್ ಹೊರಬಲ್ಲ ಗರಿಷ್ಠ ತೂಕದ ಅರ್ಧಕ್ಕಿಂತ ಕಡಿಮೆಯಿರಬಾರದು.

ಕಾರಿನೊಂದಿಗೆ ಬಂದ ಅಳತೆಯಲ್ಲೇ ಓಡಾಡುವವರಿಗೆ ಒಳ್ಳೆಯ ಎರಕದ ಚಕ್ರ ಸಾಕು. ಅಳತೆ ಹೆಚ್ಚಿಸಿ ಗುಂಡಿಯ ರಸ್ತೆಗಳಲ್ಲಿ ಓಡಿಸುವವರಿಗೆ ಫ್ಲೋ ಫಾರ್ಮ್ಡ್ ಚಕ್ರ ಕೊಟ್ಟ ಹಣಕ್ಕೆ ಹೆಚ್ಚು ಬೆಲೆ ಕೊಡುತ್ತದೆ, ಏಕೆಂದರೆ ಪೆಟ್ಟು ಬೀಳುವ ಬ್ಯಾರೆಲ್ಲಿಗೇ ಅದು ಬಲ ತುಂಬುತ್ತದೆ. ಫೋರ್ಜ್ಡ್ ಚಕ್ರದ ಬೆಲೆ ಸಾರ್ಥಕವಾಗುವುದು ರೇಸ್ ಟ್ರ್ಯಾಕಿನಲ್ಲಿ ಓಡುವ ಕಾರುಗಳಿಗೆ, ತುಂಬ ಶಕ್ತಿಯ ದೊಡ್ಡ ಕಾರುಗಳಿಗೆ ಮತ್ತು ಒಂದೊಂದು ಕಿಲೋ ತೂಕವೂ ಲೆಕ್ಕಕ್ಕೆ ಬರುವ ಕಡೆ.