ಹೂಡಿಕೆಗೆ ಎದುರಾಳಿ ಹಿಂಜರಿಯುವುದು ಯಾವಾಗ?

ಪೇಂಟಿಗೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್ ಉದ್ಯಮದಲ್ಲಿ, 1970ರ ದಶಕದ ಅಮೆರಿಕದಲ್ಲಿ ಡ್ಯುಪಾಂಟ್ ಕಂಪನಿಗೊಂದು ಅನುಕೂಲವಿತ್ತು: ಅಗ್ಗದ ಇಲ್ಮನೈಟ್ ಅದಿರು ಬಳಸುವ ವಿಧಾನ ಅದಕ್ಕೆ ಕರಗತವಾಗಿತ್ತು. ಅದನ್ನೇ ನಂಬಿ ಉತ್ಪಾದನಾ ಸಾಮರ್ಥ್ಯಕ್ಕೆ ಹಣ ಸುರಿಯಿತು. ಇಲ್ಲಿ ಪೈಪೋಟಿ ಇರುವುದು ಪ್ರಮಾಣದಲ್ಲಿ. ಒಬ್ಬರ ಸರಕು ಹೆಚ್ಚಿದಷ್ಟೂ ಇನ್ನೊಬ್ಬರ ವಿಸ್ತರಣೆಗೆ ಲಾಭ ಕಡಿಮೆ, ಹಾಗಾಗಿ ಅವರು ಹಿಂಜರಿಯುತ್ತಾರೆ. ಇದು ‘ಕಾರ್ಯತಂತ್ರದ ಬದಲಿ’. ಕಾರ್ಖಾನೆಗೆ ಹಾಕಿದ ಹಣ ಮರಳಿ ಬಾರದಂತಿದ್ದರೆ ಮಾತ್ರ ಎದುರಾಳಿಗಳು ಅದನ್ನು ನಂಬುತ್ತಾರೆ.

ಪೈಪೋಟಿ ಬೆಲೆಯಲ್ಲಿದ್ದರೆ ಲೆಕ್ಕವೇ ತಿರುಗುತ್ತದೆ. ವೆಚ್ಚ ತಗ್ಗಿಸುವ ಯಂತ್ರ ತಂದವರು ಬೆಲೆ ಇಳಿಸುತ್ತಾರೆಂದು ಊಹಿಸಿ ಎದುರಾಳಿಯೂ ಇಳಿಸುತ್ತಾನೆ. ಇದು ‘ಕಾರ್ಯತಂತ್ರದ ಪೂರಕ’. ಅವನು ಕಣದಲ್ಲೇ ಉಳಿಯುವವನಾದರೆ, ನನ್ನ ಮಟ್ಟಿಗೆ, ಹೂಡಿಕೆಯಲ್ಲಿ ಕೈ ಬಿಗಿ ಹಿಡಿಯುವುದೇ ಜಾಣತನ. ಅವನನ್ನು ಒಳಗೇ ಬಿಡದಿರುವುದು ಗುರಿಯಾದರೆ, ಬೆಲೆಯ ಪೈಪೋಟಿಯಲ್ಲೂ ಅದೇ ಯಂತ್ರ ಉಪಯೋಗಕ್ಕೆ ಬರುತ್ತದೆ.