ಕೊಳ್ಳುವವರಿಲ್ಲದ ಸಾಲು

ಶಿರಾ ಗೇಟಿನ ಷೇರು ಏಜೆಂಟರೊಬ್ಬರ ಕಚೇರಿಯಲ್ಲಿ ಕೂತು ಒಂದೇ ಷೇರನ್ನು ಬೆಳಗ್ಗೆ ಒಂಬತ್ತೂಕಾಲಿನಿಂದ ನೋಡುತ್ತಾ ಹೋಗುವುದು, ಕೆರೆಯಂಗಳದಲ್ಲಿ ಹಕ್ಕಿ ಕಾಯುವಷ್ಟೇ ತಾಳ್ಮೆಯ ಕೆಲಸ. ಪರದೆಯ ಎಡಗಡೆ ಕೊಳ್ಳುವವರ ಐದು ಸಾಲು, ಬಲಗಡೆ ಮಾರುವವರ ಐದು ಸಾಲು. ದೊಡ್ಡ ಕಂಪನಿಯ ಷೇರಾದರೆ ಎರಡೂ ಕಡೆ ಅಂಕಿಗಳು ನಿಲ್ಲದೆ ಬದಲಾಗುತ್ತವೆ. ವಹಿವಾಟು ತೆಳುವಾಗಿರುವ ಷೇರಿನಲ್ಲಿ ಎಡಗಡೆ ಒಂದು ಬೆಲೆಗೆ 50 ಷೇರು ಕೇಳಿರುತ್ತಾರೆ, ಎರಡು ರೂಪಾಯಿ ಕೆಳಗೆ 20, ಅದರ ಕೆಳಗೆ ಏನೂ ಇಲ್ಲ. ಬೆಲೆಗಿಂತ ಮೊದಲು ನಾನು ನೋಡುವುದು ಈ ಖಾಲಿಯನ್ನು.

ಷೇರು ಒಂದು ದಿನದಲ್ಲಿ ಎಷ್ಟು ಏರಬಹುದು, ಎಷ್ಟು ಇಳಿಯಬಹುದು ಎಂಬುದಕ್ಕೆ ವಿನಿಮಯ ಕೇಂದ್ರ ಮಿತಿ ಹಾಕಿರುತ್ತದೆ. ಹಿಂದಿನ ದಿನದ ಮುಕ್ತಾಯ ಬೆಲೆಯ ಮೇಲೆ ಶೇಕಡ 2, 5, 10 ಅಥವಾ 20. ಫ್ಯೂಚರ್ಸ್, ಆಪ್ಷನ್ಸ್ ವಹಿವಾಟು ಇರುವ ಷೇರುಗಳಿಗೆ ಇಂಥ ಗಟ್ಟಿ ಮಿತಿ ಇಲ್ಲ, ಉಳಿದವಕ್ಕೆ ಇದೆ. ಮಿತಿಯಾಚೆಯ ಬೆಲೆಗೆ ಆರ್ಡರ್ ಹಾಕಿದರೆ ವ್ಯವಸ್ಥೆ ತೆಗೆದುಕೊಳ್ಳುವುದೇ ಇಲ್ಲ.

ನಮ್ಮ ರಾಜ್ಯದವರು ಮರೆಯಲಾಗದ ನಿದರ್ಶನ ಕಾಫಿ ಡೇ ಎಂಟರ್‌ಪ್ರೈಸಸ್‌ನದು. 2019ರ ಜುಲೈ 29ರ ಸಂಜೆ ಕಂಪನಿಯ ಸ್ಥಾಪಕ ವಿ.ಜಿ. ಸಿದ್ಧಾರ್ಥ ಅವರು ನೇತ್ರಾವತಿ ಸೇತುವೆಯ ಬಳಿ ಕಾಣೆಯಾದರು. ಅಂದು ಬಿಎಸ್‌ಇಯಲ್ಲಿ ಷೇರು 191.75 ರೂಪಾಯಿಗೆ ಮುಗಿದಿತ್ತು. ಮರುದಿನ ಶೇಕಡ 20 ಕುಸಿದು 153.40ಕ್ಕೆ ಬಂದು ಕಚ್ಚಿಕೊಂಡಿತು. 31ರಂದು ಅವರ ಪಾರ್ಥಿವ ಶರೀರ ಸಿಕ್ಕಿತು. ಷೇರು ಮತ್ತೆ ಶೇಕಡ 20 ಇಳಿದು 122.75. ಎರಡೇ ದಿನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. ಆಮೇಲೆ ಮಿತಿಯನ್ನು 10ಕ್ಕೆ, ಮುಂದೆ 5ಕ್ಕೆ ಇಳಿಸಿದರು. ಇಳಿತ ನಿಧಾನವಾಯಿತು, ನಿಲ್ಲಲಿಲ್ಲ.

ಬಲೆ ಇರುವುದು ಇಲ್ಲೇ. 180 ರೂಪಾಯಿಗೆ ಸ್ಟಾಪ್‌ಲಾಸ್ ಇಟ್ಟಿದ್ದವರನ್ನು ಯೋಚಿಸಿ. ಬೆಲೆ 180 ದಾಟಿ ನೇರ 153.40ರಲ್ಲಿ ನಿಂತರೆ ಆ ಆರ್ಡರ್ ಎಚ್ಚೆತ್ತುಕೊಳ್ಳುತ್ತದೆ, ಆದರೆ ಮಾರಾಟವಾಗುವುದಿಲ್ಲ. ಮಾರುವವರ ಸಾಲಿನ ಬಾಲದಲ್ಲಿ ಹೋಗಿ ನಿಲ್ಲುತ್ತದೆ. ಒಂದೇ ಬೆಲೆಗೆ ಎಲ್ಲರೂ ಮಾರುವಾಗ ಮೊದಲು ಬಂದ ಆರ್ಡರಿಗೆ ಮೊದಲ ಪಾಳಿ. ಮುಂದೆ ಮೂರು ಲಕ್ಷ ಷೇರು ಕಾಯುತ್ತಿದ್ದು, ದಿನವಿಡೀ ಬಂದ ಖರೀದಿ ಎರಡು ಸಾವಿರವಾದರೆ, ಕೊನೆಯಲ್ಲಿ ನಿಂತವರ ನಾನೂರು ಷೇರು ಹಾಗೇ ಉಳಿಯುತ್ತವೆ. ಸಂಜೆ ಸಾಲು ಅಳಿಸಿಹೋಗುತ್ತದೆ. ನಾಳೆ ಹೊಸ ಬೆಲೆ, ಹೊಸ ಪಾಳಿ.

"ಅಣ್ಣಾ, ಮಾರಕ್ಕೆ ಹಾಕಿದೀನಿ, ಯಾಕೆ ಹೋಗ್ತಿಲ್ಲ?" ಎಂದು ಈ ಕಚೇರಿಯಲ್ಲಿ ಹಿರಿಯರೊಬ್ಬರು ಬೇರೊಂದು ಸಣ್ಣ ಷೇರಿನ ಬಗ್ಗೆ ಕೇಳುತ್ತಿದ್ದರು. ಏಜೆಂಟ್ ಪರದೆಯನ್ನು ಅವರ ಕಡೆ ತಿರುಗಿಸಿದರು. ಎಡಗಡೆ ಐದೂ ಸಾಲು ಸೊನ್ನೆ. "ತಗಳೋರೇ ಇಲ್ಲ ಯಜಮಾನ್ರೇ." ಅವರು ಬಹಳ ಹೊತ್ತು ಆ ಸೊನ್ನೆಗಳನ್ನೇ ನೋಡಿದರು. ಖಾತೆಯಲ್ಲಿ ಮಾತ್ರ ಷೇರಿಗೆ ಬೆಲೆ ಕಾಣುತ್ತಲೇ ಇತ್ತು. ಆ ಅಂಕಿಯನ್ನು ಕೈಗೆ ಬರುವ ಹಣವೆಂದು ನಂಬಿದವರ ಸಂಕಟ ನನ್ನನ್ನು ಇಂದಿಗೂ ಕಲಕುತ್ತದೆ.

ಮಿತಿ ಸಣ್ಣದಾದಷ್ಟೂ ಕ್ಷೇಮ ಎಂಬ ನಂಬಿಕೆಯನ್ನು ಲೆಕ್ಕ ಹಾಕಿ ನೋಡಬೇಕು. ಕಾಫಿ ಡೇ ಎರಡು ದಿನದಲ್ಲಿ ಕಳೆದುಕೊಂಡ ಶೇಕಡ 36ನ್ನು ಕಳೆದುಕೊಳ್ಳಲು ಶೇಕಡ 5ರ ಮಿತಿಯಲ್ಲಿ ಸುಮಾರು ಒಂಬತ್ತು ವಹಿವಾಟಿನ ದಿನ ಬೇಕು, ಶೇಕಡ 2ರ ಮಿತಿಯಲ್ಲಿ ಇಪ್ಪತ್ತೆರಡು. ಗಾಬರಿಗೆ ಕಡಿವಾಣ ಬೀಳುವುದು ನಿಜ. ಆದರೆ ಷೇರು ಹಿಡಿದವರು ಅಷ್ಟು ದಿನವೂ ಒಳಗೇ ಇರಬೇಕಾಗುತ್ತದೆ.

ಮೇಲಿನ ಮಿತಿಯಲ್ಲಿ ಇದೇ ಆಟ ತಿರುವುಮುರುವು. ಬಲಗಡೆ ಖಾಲಿ, ಎಡಗಡೆ ದೊಡ್ಡ ಸಾಲು, ದಿನಕ್ಕೆ ಶೇಕಡ 5 ಏರಿಕೆ, ಕೈ ಬದಲಾದದ್ದು ಬೆರಳೆಣಿಕೆಯ ಷೇರು. ಹೊಸಬರು ಇದನ್ನು ಬೇಡಿಕೆ ಎಂದುಕೊಳ್ಳುತ್ತಾರೆ. ಕೆಲವೇ ಜನ ಕೂಡಿ ಇಂಥ ಏರಿಕೆಯನ್ನು ಕಟ್ಟುವುದು ಸುಲಭ. ಹಲವು ದಿನದ ಬಳಿಕ ಒಂದು ದಿನ ನೀವು ಕೇಳಿದಷ್ಟೂ ಷೇರು ತಟ್ಟನೆ ಸಿಕ್ಕಿಬಿಟ್ಟರೆ, ಆ ಸಾಲಿಗಾಗಿಯೇ ಕಾದಿದ್ದವರು ಮಾರುತ್ತಿದ್ದಾರೆ ಎಂದು ಅನುಮಾನಪಡಬೇಕು.

ಕೆಳಗಿನ ಮಿತಿ ಬಿಚ್ಚಿಕೊಳ್ಳುವ ಸುಳಿವು ಬೆಲೆಯಲ್ಲಿ ಮೊದಲು ಕಾಣುವುದಿಲ್ಲ. ಮಾರಾಟಕ್ಕೆ ಕಾದಿರುವ ಒಟ್ಟು ಷೇರು ಕರಗುತ್ತಿದೆಯೇ, ಅದೇ ಹೊತ್ತಿಗೆ ಆದ ವಹಿವಾಟು ಏರುತ್ತಿದೆಯೇ ಎಂದು ಒಟ್ಟಿಗೇ ನೋಡಬೇಕು. ಮೊದಲನೆಯದು ಇಳಿದು ಎರಡನೆಯದು ಏರದಿದ್ದರೆ ಮಾರುವವರು ಆರ್ಡರ್ ವಾಪಸ್ ತೆಗೆದಿದ್ದಾರೆ, ಅಷ್ಟೇ. ಎರಡೂ ಜೊತೆಯಾಗಿ ನಡೆದರೆ ನಿಜವಾದ ಖರೀದಿ ಬಂದಿದೆ. ಹೊರಬರಬೇಕಾದವರಿಗೆ ಅದೇ ಹೊತ್ತು. ಕೆಲವೊಮ್ಮೆ ಅದು ಕೆಲವೇ ನಿಮಿಷ ತೆರೆದು ಮತ್ತೆ ಮುಚ್ಚಿಕೊಳ್ಳುವುದನ್ನೂ ಕಂಡಿದ್ದೇನೆ.